ಸೂತಕ ಬಂದು ಪೂಜೆ ಮುಂದಕ್ಕೆ ಹೋದಾಗ ನೆಂಟರಿಗೆ ಏನೆಂದು ಬರೆಯುವುದು

2026ರ ಫೆಬ್ರವರಿ 1, ಭಾನುವಾರ, ಮಾಘದ ಹುಣ್ಣಿಮೆ. ಅಂದು ಬೆಂಗಳೂರಿನ ಒಂದು ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದಾರೆ ಎಂದುಕೊಳ್ಳಿ. ಅರುವತ್ತು ಜನಕ್ಕೆ ಹೇಳಿಯಾಗಿದೆ. ಪುರೋಹಿತರು ಒಪ್ಪಿದ್ದಾರೆ, ಅಡುಗೆಯವರಿಗೆ ಮುಂಗಡ ಹೋಗಿದೆ, ಧಾರವಾಡದಿಂದ ಬರುವ ಅತ್ತೆಯವರು ರೈಲಿಗೆ ಟಿಕೆಟ್ ಮಾಡಿಸಿದ್ದಾರೆ. ಹೀಗಿರುವಾಗ ಮಂಗಳವಾರ ರಾತ್ರಿ ಒಂದೂವರೆಗೆ ಹಾಸನದಿಂದ ಫೋನ್ ಬರುತ್ತದೆ: ಯಜಮಾನರ ತಾತನ ಅಣ್ಣನ ಮಗ, ಇವರೆಲ್ಲ ದೊಡ್ಡಪ್ಪ ಎಂದು ಕರೆಯುತ್ತಿದ್ದವರು, ತೀರಿಕೊಂಡಿದ್ದಾರೆ.

ಬೆಳಗಾಗುವ ಹೊತ್ತಿಗೆ ಮನೆಯವರು ಒಂದು ಸಂದೇಶ ಬರೆಯಬೇಕು. ಏಳೆಂಟು ಸಾಲಿನದು. ಆದರೆ ಅದನ್ನು ಓದುವವರಲ್ಲಿ ದಾಯಾದಿಗಳಿದ್ದಾರೆ, ಬೀಗರಿದ್ದಾರೆ, ಸ್ನೇಹಿತರಿದ್ದಾರೆ. ಸುದ್ದಿ ಆಗಲೇ ತಿಳಿದವರೂ ಇದ್ದಾರೆ, ತಿಳಿಯದವರೂ ಇದ್ದಾರೆ. ಎಲ್ಲರಿಗೂ ಒಂದೇ ಅರ್ಥ ಬರುವಂತೆ, ಯಾರ ಮನಸ್ಸಿಗೂ ನೋವಾಗದಂತೆ ಬರೆಯಬೇಕಾದರೆ ಬರೆಯುವ ಮೊದಲೇ ಕೆಲವು ಸಂಗತಿ ಖಚಿತವಾಗಬೇಕು.

ಮೊದಲು ಗೊತ್ತಾಗಬೇಕಾದದ್ದು: ಇದು ಸೂತಕವೋ, ದುಃಖವೋ

ಪೂಜೆ ನಿಲ್ಲಲು ಎರಡು ಬೇರೆಬೇರೆ ಕಾರಣಗಳಿರಬಹುದು. ಒಂದು, ಸೂತಕ ಬಂದಿದೆ, ಆದ್ದರಿಂದ ಪೂಜೆ ಮಾಡುವಂತಿಲ್ಲ. ಇನ್ನೊಂದು, ಸೂತಕವೇನೂ ತಟ್ಟುವುದಿಲ್ಲ, ಆದರೆ ಆಪ್ತರು ಹೋದ ನಾಲ್ಕೇ ದಿನಕ್ಕೆ ಮನೆಯಲ್ಲಿ ಹಬ್ಬದ ಅಡುಗೆ ಮಾಡಲು ಮನಸ್ಸಿಲ್ಲ. ಎರಡೂ ಸರಿಯಾದ ಕಾರಣಗಳೇ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಗೊಂದಲ ಶುರುವಾಗುತ್ತದೆ.

ಕನ್ನಡದ ಸಂಬಂಧವಾಚಕಗಳೇ ಇಲ್ಲಿ ದಾರಿ ತಪ್ಪಿಸುತ್ತವೆ. ತಂದೆಯ ಅಣ್ಣನೂ ದೊಡ್ಡಪ್ಪ, ತಾಯಿಯ ಅಕ್ಕನ ಗಂಡನೂ ದೊಡ್ಡಪ್ಪ. ಮೊದಲನೆಯವರು ದಾಯಾದಿ, ಎರಡನೆಯವರು ಅಲ್ಲ. ಹತ್ತು ದಿನದ ಸೂತಕ ಬರುವುದು ಗಂಡಿನ ಕಡೆಯ ವಂಶದಲ್ಲಿ, ಒಂದೇ ಮೂಲಪುರುಷನಿಂದ ಏಳು ತಲೆಮಾರಿನ ಒಳಗಿನವರಿಗೆ. ಅದನ್ನು ದಾಟಿ ಹದಿನಾಲ್ಕರವರೆಗಿನ ತಲೆಮಾರಿಗೆ ಮೂರು ದಿನ, ಅದಕ್ಕೂ ಆಚೆಯ ಸಗೋತ್ರದವರಿಗೆ ಸ್ನಾನ ಮಾತ್ರ ಎಂಬುದು ಧರ್ಮಶಾಸ್ತ್ರದ ರೂಢಿಯ ಲೆಕ್ಕ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಗಂಡನ ಮನೆಯ ಸೂತಕವೇ ಪೂರ್ತಿ ಬರುತ್ತದೆ. ಹೆತ್ತ ತಂದೆ ತಾಯಿ ಹೋದಾಗ ಅವರಿಗೆ ಮೂರು ದಿನ. ತಾಯಿಯ ಕಡೆಯ ಅಜ್ಜ, ಅಜ್ಜಿ, ಸೋದರಮಾವ ಇಂಥವರಿಗೆ ಹತ್ತು ದಿನ ಹಿಡಿಯುವುದಿಲ್ಲ. ಮೂರು ದಿನವೋ, ಪುರೋಹಿತರು ಪಕ್ಷಿಣಿ ಎಂದು ಹೇಳುವ ಒಂದೂವರೆ ದಿನವೋ, ಅದು ಸಂಬಂಧವನ್ನೂ ಮನೆತನದ ಪದ್ಧತಿಯನ್ನೂ ನೋಡಿ ತೀರ್ಮಾನವಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಮೂಲಪುರುಷ ಯಜಮಾನರ ಮುತ್ತಾತ. ಯಜಮಾನರು, ಅವರ ತಂದೆ, ತಾತ, ಮುತ್ತಾತ, ಹೀಗೆ ನಾಲ್ಕೇ ತಲೆಮಾರು. ಏಳರ ಒಳಗೇ ಇದೆ. ಹಾಗಾಗಿ ಹತ್ತು ದಿನ ನಿಶ್ಚಯ, ಸಂದೇಶದಲ್ಲಿ ‘ಸೂತಕ’ ಎಂದು ಬರೆಯಬಹುದು. ಒಂದು ವೇಳೆ ತೀರಿಕೊಂಡವರು ತಾಯಿಯ ಅಕ್ಕನ ಗಂಡನಾಗಿದ್ದರೆ ಆ ಪದ ಬರಬಾರದು. ಬಂದರೆ ಅದೇ ಗುಂಪಿನಲ್ಲಿರುವ ಚಿಕ್ಕಪ್ಪ ‘ಹಾಗಾದರೆ ನಮಗೂ ಬಂತೇ? ನಮ್ಮ ಮನೆಯಲ್ಲಿ ಶುಕ್ರವಾರ ನಾಮಕರಣ ಇದೆಯಲ್ಲ’ ಎಂದು ಗಾಬರಿಯಾಗುತ್ತಾರೆ.

ಎಲ್ಲ ಮನೆಗಳೂ ಈ ಲೆಕ್ಕದಲ್ಲಿ ನಡೆಯುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಅನೇಕ ಸಮುದಾಯಗಳಲ್ಲಿ ಮೂರನೆಯ ದಿನ ಹಾಲುತುಪ್ಪ ಬಿಟ್ಟು, ಹನ್ನೊಂದನೆಯ ದಿನ ತಿಥಿ ಮಾಡಿ ಮುಗಿಸುತ್ತಾರೆ. ಲಿಂಗಾಯತರಲ್ಲಿ ತತ್ತ್ವದ ಪ್ರಕಾರ ಮರಣಸೂತಕವೂ ಸೇರಿ ಪಂಚಸೂತಕಗಳೇ ಇಲ್ಲ. ಅಲ್ಲಿ ಪೂಜೆಯೋ ಸಮಾರಂಭವೋ ಮುಂದಕ್ಕೆ ಹೋದರೆ ಅದು ದುಃಖಕ್ಕೆ, ಬಂಧುತ್ವಕ್ಕೆ. ಆದ್ದರಿಂದಲೇ ಸಂದೇಶದಲ್ಲಿ ನಿಯಮ ಬರೆಯದೆ ‘ನಮಗೆ ಇಂಥ ತಾರೀಕಿನವರೆಗೆ’ ಎಂದು ನಿಮ್ಮ ಮನೆಯ ಮಾತನ್ನಷ್ಟೇ ಬರೆಯುವುದು ಕ್ಷೇಮ.

‘ಎಲ್ಲ ಸಾಮಾನು ತಂದಾಗಿದೆ, ಕರೆದೂ ಆಗಿದೆ, ಪೂಜೆ ಶುರುವಾದ ಹಾಗೇ ಅಲ್ಲವೇ’ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಶುರುವಾದ ಕಾರ್ಯಕ್ಕೆ ಸೂತಕ ತಟ್ಟುವುದಿಲ್ಲ ಎಂಬ ಮಾತು ನಿಜ. ಆದರೆ ಶುರು ಎಂದರೆ ವ್ರತಕ್ಕೆ ಸಂಕಲ್ಪ ಮಾಡಿರಬೇಕು, ಮದುವೆ ಮುಂಜಿಗೆ ನಾಂದಿ ಆಗಿರಬೇಕು. ತೆಂಗಿನಕಾಯಿ ತಂದದ್ದೂ ಅಡುಗೆಯವರಿಗೆ ಮುಂಗಡ ಕೊಟ್ಟದ್ದೂ ಆ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕು ದಿನ ಮುಂಚೆ ಸುದ್ದಿ ಬಂದರೆ ಪೂಜೆ ನಿಂತಂತೆಯೇ.

ದಿನ ಎಣಿಸುವಾಗ ಆಗುವ ತಪ್ಪು

ಸಂದೇಶದಲ್ಲಿ ಒಂದು ತಾರೀಕು ಬರಲೇಬೇಕು. ಹೊಸ ಪೂಜೆಯ ತಾರೀಕಲ್ಲ, ಸೂತಕ ಕಳೆಯುವ ತಾರೀಕು. ಅದನ್ನು ಎಣಿಸುವಲ್ಲಿ ಎರಡು ಕಡೆ ಎಡವುತ್ತಾರೆ.

ಒಂದನೆಯದು, ತೀರಿಕೊಂಡ ದಿನವನ್ನೇ ಮೊದಲ ದಿನವೆಂದು ಹಿಡಿಯಬೇಕು, ಮರುದಿನದಿಂದ ಎಣಿಸುವುದಲ್ಲ. ಎರಡನೆಯದು, ರಾತ್ರಿಯ ಸಾವು. ‘ಮಂಗಳವಾರ ರಾತ್ರಿ ಒಂದೂವರೆ’ ಎಂದು ನಾವು ಮಾತಿನಲ್ಲಿ ಹೇಳುವ ಹೊತ್ತು ಆಸ್ಪತ್ರೆಯ ಕಾಗದದಲ್ಲಿ 28, ಬುಧವಾರ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ, ಹಾಗಾಗಿ ಅದು ಮಂಗಳವಾರವೇ, 27. ರಾತ್ರಿಯನ್ನು ಮೂರು ಪಾಲು ಮಾಡಿ ಮೊದಲೆರಡು ಪಾಲನ್ನು ಹಿಂದಿನ ದಿನಕ್ಕೆ ಸೇರಿಸುವ ಪದ್ಧತಿಯಲ್ಲೂ ಜನವರಿಯ ಉದ್ದ ರಾತ್ರಿಯಲ್ಲಿ ಒಂದೂವರೆ ಗಂಟೆ ಹಿಂದಿನ ದಿನಕ್ಕೇ ಹೋಗುತ್ತದೆ. ನಡುರಾತ್ರಿಯನ್ನೇ ಗಡಿ ಮಾಡಿಕೊಂಡವರು ಮಾತ್ರ 28 ಎನ್ನುತ್ತಾರೆ.

27ನ್ನು ಒಂದನೆಯ ದಿನ ಎಂದು ಹಿಡಿದರೆ ಫೆಬ್ರವರಿ 5, ಗುರುವಾರ ಹತ್ತನೆಯ ದಿನ. ದಾಯಾದಿಗಳು ಧರ್ಮೋದಕ ಕೊಡುವ ದಿನ ಅದೇ. ಹನ್ನೊಂದನೆಯ ದಿನ ಸ್ನಾನದೊಂದಿಗೆ ಶುದ್ಧಿ. 13ನೆಯ ದಿನ, ಅಂದರೆ ಫೆಬ್ರವರಿ 8ರ ಭಾನುವಾರ, ವೈಕುಂಠ ಸಮಾರಾಧನೆ ಮತ್ತು ಶುಭಸ್ವೀಕಾರ. ಶಾಸ್ತ್ರದ ಪ್ರಕಾರ ದಾಯಾದಿಗಳ ಸೂತಕ ಹತ್ತಕ್ಕೆ ಮುಗಿದರೂ, ಹದಿಮೂರು ಕಳೆಯದೆ ಶುಭಕಾರ್ಯದ ಮಾತೆತ್ತದಿರುವುದು ಬಹಳ ಮನೆಗಳ ರೂಢಿ. ಅದು ಒಳ್ಳೆಯ ರೂಢಿಯೂ ಹೌದು. ಹಾಸನದ ಮನೆಯಲ್ಲಿ ಇನ್ನೂ ಕರ್ಮ ನಡೆಯುತ್ತಿರುವಾಗ ಇಲ್ಲಿ ಪೂಜೆಯ ಊಟದ ಲೆಕ್ಕ ಶುರುವಾದರೆ ಆ ಮನೆಯವರಿಗೆ ಹೇಗನ್ನಿಸಬಹುದು ಎಂದು ಯೋಚಿಸಿದರೆ ಸಾಕು.

ಎಣಿಕೆಯನ್ನು ನೀವೇ ಮಾಡಿ ಬರೆಯಬೇಡಿ. ಕರ್ಮ ಮಾಡಿಸುತ್ತಿರುವ ಪುರೋಹಿತರು ಹಾಸನದ ಮನೆಯವರಿಗೆ ಹೇಳಿದ ತಾರೀಕು ಏನೋ ಅದನ್ನೇ ಬರೆಯಿರಿ. ಒಂದೇ ವಂಶದಲ್ಲಿ ಎರಡು ಎಣಿಕೆ ಓಡಾಡಿದರೆ ಒಬ್ಬರು ಗುರುವಾರ ಧರ್ಮೋದಕಕ್ಕೆ ಹೋಗುತ್ತಾರೆ, ಇನ್ನೊಬ್ಬರು ಶುಕ್ರವಾರ ಹೋಗಿ ನಿಲ್ಲುತ್ತಾರೆ. ಇನ್ನೊಂದು ಮಾತು: ಸುದ್ದಿ ತಡವಾಗಿ, ಹತ್ತು ದಿನದ ಒಳಗೆ ತಿಳಿದ ದಾಯಾದಿಗೆ ಉಳಿದ ದಿನ ಮಾತ್ರ ಸೂತಕ, ತಿಳಿದಂದಿನಿಂದ ಹೊಸದಾಗಿ ಹತ್ತಲ್ಲ. ನಿಮ್ಮ ಸಂದೇಶವನ್ನು ಮೂರು ದಿನ ಬಿಟ್ಟು ನೋಡಿದವರಿಗೂ ಮುಗಿಯುವ ದಿನ ಅದೇ ಇರುತ್ತದೆ. ಅದಕ್ಕೇ ‘ಹತ್ತು ದಿನ’ ಎನ್ನುವುದಕ್ಕಿಂತ ತಾರೀಕು ಬರೆಯುವುದು ಮೇಲು.

ಯಾರಿಗೆ ಮೊದಲು, ಹೇಗೆ

ಪೂಜೆ ಮುಂದಕ್ಕೆ ಹೋದ ಸಂದೇಶದಿಂದ ಯಾರಿಗೂ ಸಾವಿನ ಸುದ್ದಿ ಮೊದಲ ಬಾರಿ ತಿಳಿಯಬಾರದು. ಇಡೀ ವಿಷಯದಲ್ಲಿ ಅತಿ ಹೆಚ್ಚು ನೋವಾಗುವುದು ಇಲ್ಲಿಯೇ. ದೊಡ್ಡಪ್ಪನ ಮಗಳು ಹೊರದೇಶದಲ್ಲಿ ವಿಮಾನ ಹತ್ತಿರುತ್ತಾಳೆ, ಅವಳಿಗೆ ‘ಅಪ್ಪನಿಗೆ ಹುಷಾರಿಲ್ಲ, ಬಾ’ ಎಂದಷ್ಟೇ ಹೇಳಿರುತ್ತಾರೆ. ಇಳಿದ ಕೂಡಲೇ ಅವಳ ಫೋನಿನಲ್ಲಿ ಕಾಣುವುದು ನಿಮ್ಮ ಪೂಜೆಯ ವಿಷಯವಾದರೆ ಆ ಗಾಯ ಮಾಯುವುದಿಲ್ಲ. ಹಾಗಾಗಿ ಬರೆಯುವ ಮೊದಲು ಹಾಸನದ ಮನೆಯಲ್ಲಿ ಓಡಾಡುತ್ತಿರುವ ಒಬ್ಬರಿಗೆ ಫೋನ್ ಮಾಡಿ. ಮಗನಿಗೇ ಮಾಡಬೇಕೆಂದಿಲ್ಲ, ಅಳಿಯನೋ ನಾದಿನಿಯ ಗಂಡನೋ ಫೋನ್ ಎತ್ತುತ್ತಿರುತ್ತಾರೆ. ಕೇಳಬೇಕಾದದ್ದು ಎರಡೇ ಮಾತು: ಎಲ್ಲರಿಗೂ ಸುದ್ದಿ ಮುಟ್ಟಿದೆಯೇ, ನಾವು ಹೆಸರು ಹಾಕಿ ಗುಂಪಿನಲ್ಲಿ ಬರೆಯಬಹುದೇ.

ಆ ಒಪ್ಪಿಗೆ ಸಿಗುವವರೆಗೆ ಕಾಯಬೇಕು. ಆದರೆ ಪ್ರಯಾಣ ಹೊರಟವರು ಕಾಯಲಾಗುವುದಿಲ್ಲ. ಧಾರವಾಡದ ಅತ್ತೆಗೆ ಬೇರೆಯಾಗಿ ಫೋನ್ ಮಾಡಿ. ಅವರಿಗೆ ಎಪ್ಪತ್ತು ದಾಟಿದ್ದರೆ, ತೀರಿಕೊಂಡವರ ಜೊತೆ ಆಡಿ ಬೆಳೆದವರಾಗಿದ್ದರೆ, ಮೊದಲು ಅವರ ಮನೆಯಲ್ಲಿ ಇನ್ನೊಬ್ಬರು ಹತ್ತಿರ ಇದ್ದಾರೆಯೇ ಎಂದು ನೋಡಿ ಅವರ ಮೂಲಕ ಹೇಳಿಸಿ. ಪೂಜೆಯ ಮಾತು ಆ ಕರೆಯ ಕೊನೆಗೆ ಒಂದೇ ವಾಕ್ಯದಲ್ಲಿ ಬಂದರೆ ಸಾಕು: ‘ಭಾನುವಾರದ್ದು ಮುಂದಕ್ಕೆ ಹಾಕಿದ್ದೀವಿ ಅತ್ತೆ, ಟಿಕೆಟ್ ನಾನೇ ರದ್ದು ಮಾಡಿಸ್ತೀನಿ.’

ಆಮೇಲೆ ಪುರೋಹಿತರು, ಅಡುಗೆಯವರು, ಹೂವಿನವರು. ಇವರಿಗೆ ವಿವರ ಬೇಕಿಲ್ಲ. ‘ನಮಗೆ ಸೂತಕ ಬಂದಿದೆ, ಭಾನುವಾರ ಪೂಜೆ ಇಲ್ಲ’ ಎಂದರೆ ಅರ್ಥವಾಗುತ್ತದೆ. ಪುರೋಹಿತರಿಗೆ ಬುಧವಾರ ಬೆಳಗ್ಗೆಯೇ ಹೇಳಿದರೆ ಹುಣ್ಣಿಮೆಯ ದಿನ ಅವರು ಇನ್ನೊಬ್ಬರ ಮನೆಗೆ ಹೋಗಬಹುದು. ಈ ಮೂರು ಕರೆ ಆದ ಮೇಲೆ ಗುಂಪಿನ ಸಂದೇಶ.

ಸಂದೇಶ

ನಮ್ಮ ಉದಾಹರಣೆಗೆ ಹೊಂದುವ ಸಂದೇಶ ಹೀಗಿರಬಹುದು. ಬಿಟ್ಟ ಜಾಗದಲ್ಲಿ ಹೆಸರು ಬರಬೇಕು.

> ಹಾಸನದ ________ ದೊಡ್ಡಪ್ಪ (ನಮ್ಮ ತಾತನ ಅಣ್ಣನ ಮಗ) ಜನವರಿ 27, ಮಂಗಳವಾರ ರಾತ್ರಿ ತೀರಿಕೊಂಡರು.
>
> ನಮಗೆ ಫೆಬ್ರವರಿ 5ರವರೆಗೆ ಸೂತಕ ಇರುವುದರಿಂದ ಫೆಬ್ರವರಿ 1, ಭಾನುವಾರ ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದ ಸತ್ಯನಾರಾಯಣ ಪೂಜೆಯನ್ನು ಮುಂದಕ್ಕೆ ಹಾಕಿದ್ದೇವೆ. ಅಂದು ಪೂಜೆ, ಊಟ ಯಾವುದೂ ಇರುವುದಿಲ್ಲ.
>
> ಹೊಸ ದಿನ ಇನ್ನೂ ಗೊತ್ತುಮಾಡಿಲ್ಲ. ಫೆಬ್ರವರಿ 8ರಂದು ವೈಕುಂಠ ಸಮಾರಾಧನೆ ಮುಗಿದ ಮೇಲೆ ಪುರೋಹಿತರನ್ನು ಕೇಳಿ ನಾವೇ ಎಲ್ಲರಿಗೂ ಹೇಳುತ್ತೇವೆ.
>
> ಊರಿಂದ ಬರಲು ಟಿಕೆಟ್ ಮಾಡಿಸಿದವರು ದಯವಿಟ್ಟು ರದ್ದು ಮಾಡಿಸಿ. ಏನಾದರೂ ಕೇಳುವುದಿದ್ದರೆ ನನಗೋ ತಮ್ಮನಿಗೋ ಫೋನ್ ಮಾಡಿ. ದೊಡ್ಡಮ್ಮನಿಗೂ ಮಕ್ಕಳಿಗೂ ಈ ಹೊತ್ತಿನಲ್ಲಿ ಪೂಜೆಯ ವಿಷಯ ಕೇಳುವುದು ಬೇಡ.

ಮೊದಲ ಸಾಲಿನಲ್ಲಿ ಮನುಷ್ಯನ ವಿಷಯ, ಎರಡನೆಯದರಲ್ಲಿ ಪೂಜೆಯ ವಿಷಯ. ಈ ಕ್ರಮವನ್ನು ತಿರುಗಿಸಬಾರದು. ಪೂಜೆಯ ಮಾತಿನಿಂದ ಶುರುಮಾಡಿ, ಅದಕ್ಕೆ ಕಾರಣವಾಗಿ ಸಾವನ್ನು ತಂದರೆ, ತೀರಿಕೊಂಡವರು ನಮ್ಮ ಕಾರ್ಯಕ್ರಮಕ್ಕೆ ಅಡ್ಡ ಬಂದರೆಂಬ ಧ್ವನಿ ತಾನಾಗಿ ಹುಟ್ಟುತ್ತದೆ. ಹಾಗೆಂದು ಸಾವಿನ ಬಗ್ಗೆ ನಾಲ್ಕು ಸಾಲು ಬರೆದು ಕೊನೆಗೆ ಪೂಜೆಯ ಮಾತು ಇಟ್ಟರೆ, ಫೋನಿನ ಪರದೆಯ ಮೇಲೆ ಇಣುಕುವ ಎರಡು ಸಾಲನ್ನಷ್ಟೇ ನೋಡಿ ‘ಓಂ ಶಾಂತಿ’ ಎಂದು ಬರೆದು ಮುಂದೆ ಹೋದವರು ಭಾನುವಾರ ಬೆಳಗ್ಗೆ ಹಣ್ಣು ಹೂವು ಹಿಡಿದು ಬಾಗಿಲಿಗೆ ಬರುತ್ತಾರೆ. ಅದಕ್ಕೇ ಮೊದಲ ವಾಕ್ಯ ಚಿಕ್ಕದಾಗಿರಬೇಕು, ಪೂಜೆಯ ದಿನ ಕೂಡಲೇ ಬರಬೇಕು.

ಹೆಸರು, ಊರು, ಸಂಬಂಧ ಮೂರೂ ಇರಲಿ. ಗುಂಪಿನಲ್ಲಿ ಮೂರು ತಲೆಮಾರಿನವರಿರುತ್ತಾರೆ. ನಿಮಗೆ ದೊಡ್ಡಪ್ಪನಾದವರು ನಿಮ್ಮ ತಂದೆಗೆ ಅಣ್ಣ, ನಿಮ್ಮ ಮಕ್ಕಳಿಗೆ ತಾತ. ಬರೀ ‘ಹಾಸನದ ದೊಡ್ಡಪ್ಪ ಹೋಗಿಬಿಟ್ಟರು’ ಎಂದರೆ ಹಾಸನದಲ್ಲೇ ಇರುವ ಇನ್ನೊಬ್ಬ ದೊಡ್ಡಪ್ಪನ ಮನೆಗೆ ಸಾಂತ್ವನದ ಕರೆಗಳು ಹೋಗುತ್ತವೆ.

‘ಮುಂದಕ್ಕೆ ಹಾಕಿದ್ದೇವೆ’ ಎಂಬುದರ ಪಕ್ಕದಲ್ಲಿ ‘ಅಂದು ಪೂಜೆ, ಊಟ ಯಾವುದೂ ಇರುವುದಿಲ್ಲ’ ಎಂದು ಮತ್ತೆ ಹೇಳಿರುವುದು ಬೇಕೆಂದೇ. ಮುಂದಕ್ಕೆ ಹಾಕಿದೆ ಎಂದರೆ ಬೆಳಗ್ಗೆಯದು ಸಂಜೆಗೆ ಹೋಯಿತೆಂದು ತಿಳಿದವರಿದ್ದಾರೆ. ‘ನಿಲ್ಲಿಸಿದ್ದೇವೆ’ ಎಂದರೆ ಇನ್ನು ಮಾಡುವುದೇ ಇಲ್ಲವೇ ಎಂದು ಹಿರಿಯರು ಅಳುಕುತ್ತಾರೆ. ಎರಡೂ ಸಾಲು ಸೇರಿದಾಗ ಅರ್ಥ ಒಂದೇ ಆಗುತ್ತದೆ. ‘ನಾಳೆ’, ‘ಈ ಭಾನುವಾರ’, ‘ಮೊನ್ನೆ’ ಎಂಬ ಪದಗಳನ್ನೂ ಬಿಡಬೇಕು. ಸಂದೇಶ ಇನ್ನೊಬ್ಬರಿಂದ ಇನ್ನೊಬ್ಬರಿಗೆ ಎರಡು ದಿನ ಬಿಟ್ಟು ಹೋದಾಗ ಈ ಪದಗಳ ಅರ್ಥವೇ ಬದಲಾಗಿರುತ್ತದೆ.

ಹೊಸ ತಾರೀಕನ್ನು ಇದೇ ಸಂದೇಶದಲ್ಲಿ ಬರೆಯುವ ಆಸೆ ಸಹಜ. ಮುಂದಿನ ಹುಣ್ಣಿಮೆಗೆ ಇಟ್ಟುಕೊಂಡರಾಯಿತು ಎಂದು ಯಾರಾದರೂ ಹೇಳುತ್ತಾರೆ. ಆದರೆ ಮುಂದಿನ ಹುಣ್ಣಿಮೆ 2026ರ ಮಾರ್ಚ್ 3, ಅಂದೇ ಚಂದ್ರಗ್ರಹಣ. ಗ್ರಹಣ ಇನ್ನೂ ಬಿಡದಿರುವಾಗಲೇ ನಮ್ಮಲ್ಲಿ ಚಂದ್ರೋದಯವಾಗುತ್ತದೆ. ಸಂಜೆಯ ಸತ್ಯನಾರಾಯಣ ಪೂಜೆಗೆ ಅದು ಹೊಂದುವ ದಿನವಲ್ಲ. ಅವಸರದಲ್ಲಿ ‘ಮುಂದಿನ ಹುಣ್ಣಿಮೆಗೆ’ ಎಂದು ಬರೆದವರು ಎರಡನೆಯ ಸಲ ಮುಂದಕ್ಕೆ ಹಾಕಿ ಮತ್ತೊಂದು ಸಂದೇಶ ಕಳಿಸಬೇಕಾಗುತ್ತದೆ. ಅದಲ್ಲದೆ ಸೂತಕದಲ್ಲಿದ್ದುಕೊಂಡು ಶುಭಕಾರ್ಯಕ್ಕೆ ದಿನ ನೋಡಿಸದಿರುವುದು ಬಹಳ ಮನೆಗಳ ಪದ್ಧತಿ. ಯಾವಾಗ ಹೇಳುತ್ತೇವೆ ಎಂದು ಹೇಳಿದರೆ ಸಾಕು, ಯಾವಾಗ ಮಾಡುತ್ತೇವೆ ಎಂಬುದು ಈಗ ಬೇಡ.

ಕೊನೆಯ ಸಾಲು ಸಣ್ಣದಾಗಿ ಕಂಡರೂ ಕೆಲಸ ದೊಡ್ಡದು. ಸಂದೇಶ ಓದಿದ ಐವತ್ತು ಜನ ಸಂತಾಪ ಹೇಳಲು ಹಾಸನಕ್ಕೆ ಫೋನ್ ಮಾಡುತ್ತಾರೆ. ಮಾತಿನ ನಡುವೆ ‘ನಿಮ್ಮಿಂದಾಗಿ ಅವರ ಪೂಜೆ ನಿಂತಿತಂತೆ’ ಎಂದು ಯಾರೋ ಗೊತ್ತಿಲ್ಲದೆ ಅಂದುಬಿಡುತ್ತಾರೆ. ಹೆಣದ ಮುಂದೆ ಕೂತಿರುವ ಮನೆಯವರಿಗೆ ಆ ಮಾತು ತಲುಪಬಾರದು.

ಬೇಡದ ಮಾತುಗಳು

‘ಕಾರಣಾಂತರಗಳಿಂದ’ ಎಂಬ ಪದವನ್ನು ಮೃದುವಾಗಿರಲೆಂದು ಬಳಸುತ್ತಾರೆ. ಅದರಿಂದ ಆಗುವುದು ಉಲ್ಟಾ. ಗಂಡ ಹೆಂಡತಿಗೆ ಜಗಳವೇ, ದುಡ್ಡಿಗೆ ತೊಂದರೆಯೇ, ಯಾರಿಗೋ ಆಸ್ಪತ್ರೆಯೇ ಎಂದು ಒಬ್ಬೊಬ್ಬರೂ ಒಂದೊಂದು ಊಹಿಸಿ, ಸಂಜೆಯೊಳಗೆ ಇಪ್ಪತ್ತು ಕರೆ ಬರುತ್ತವೆ. ‘ತಿಳಿಸಲು ವಿಷಾದಿಸುತ್ತೇವೆ’, ‘ಉಂಟಾದ ಅನಾನುಕೂಲಕ್ಕೆ ಕ್ಷಮೆಯಿರಲಿ’ ಎಂಬುವು ವಿದ್ಯುತ್ ಕಡಿತದ ಪ್ರಕಟಣೆಯ ಭಾಷೆ. ಸಾವಿಗೆ ಕ್ಷಮೆ ಕೇಳುವುದು ಏನಿದೆ? ಟಿಕೆಟ್ ಹಣ ಕಳೆದುಕೊಂಡ ಅತ್ತೆಗೆ ಫೋನಿನಲ್ಲಿ ‘ನಿಮಗೆ ತೊಂದರೆ ಆಯ್ತು’ ಎಂದು ಹೇಳುವುದೇ ಹೆಚ್ಚು.

‘ವಿಘ್ನ’, ‘ಅಪಶಕುನ’, ‘ಮೈಲಿಗೆ’, ‘ದೇವರಿಗೆ ಇಷ್ಟ ಇರಲಿಲ್ಲ’ ಇವು ಯಾವುವೂ ಬೇಡ. ಮನೆಯೊಳಗೆ ಮೈಲಿಗೆ ಎಂದು ಆಡುವುದು ಬೇರೆ, ತೀರಿಕೊಂಡವರ ಮಗನಿಗೂ ಹೇಗೋ ತಲುಪಬಹುದಾದ ಸಂದೇಶದಲ್ಲಿ ಬರೆಯುವುದು ಬೇರೆ. ಸಾವಿನ ಕಾರಣವನ್ನೂ ಬರೆಯಬಾರದು. ಹೃದಯಾಘಾತವೋ ಅಪಘಾತವೋ, ಅದನ್ನು ಹೇಳುವುದು ಆ ಮನೆಯವರಿಗೆ ಬಿಟ್ಟದ್ದು.

ಸಾವಿಗೆ ಯಾವ ಪದ? ‘ತೀರಿಕೊಂಡರು’ ಎಲ್ಲ ಕಡೆ ಸಲ್ಲುತ್ತದೆ, ಮರ್ಯಾದೆಯೂ ಇದೆ, ಆಡಂಬರವಿಲ್ಲ. ‘ದೈವಾಧೀನರಾದರು’ ಕಾರ್ಡಿಗೆ ಒಪ್ಪುವ ಪದ, ಹಿರಿಯರು ಬರೆದರೆ ಚೆನ್ನ. ಶಿವೈಕ್ಯ, ಲಿಂಗೈಕ್ಯ, ವೈಕುಂಠವಾಸಿ ಎಂಬುವನ್ನು ಆ ಮನೆಯವರು ಬಳಸಿದ್ದನ್ನು ನೋಡಿ ಬಳಸಬೇಕು. ‘ಎಕ್ಸ್‌ಪೈರ್ ಆದರು’ ಎಂದು ಮಾತಿನಲ್ಲಿ ಎಲ್ಲರೂ ಹೇಳುತ್ತೇವೆ, ಬರಹದಲ್ಲಿ ಅದು ಔಷಧದ ಸೀಸೆಯಂತೆ ಕಾಣುತ್ತದೆ. ತೀರಿಕೊಂಡವರು ಚಿಕ್ಕ ವಯಸ್ಸಿನವರಾದರೆ ‘ತುಂಬು ಜೀವನ’, ‘ಮುಕ್ತಿ’ ಎಂಬ ಮಾತುಗಳ ಹತ್ತಿರವೂ ಹೋಗಬಾರದು.

ಆಹ್ವಾನ ಪತ್ರಿಕೆಗೆ ಮೇಲೆ ‘ಶ್ರೀ’ ಬರೆದು ಅರಿಶಿನ ಕುಂಕುಮ ಹಚ್ಚುತ್ತೇವೆ. ಸಾವಿನ ಸುದ್ದಿ ಇರುವ ಈ ಸಂದೇಶಕ್ಕೆ ಅದು ಬೇಡ. ಗಣಪತಿಯ ಚಿತ್ರ, ಕಳಶದ ಚಿತ್ರ, ಕೈಮುಗಿದು ನಗುವ ಮುಖ, ಬಣ್ಣದ ಹಿನ್ನೆಲೆ ಯಾವುದೂ ಇಲ್ಲದೆ ಬರೀ ಅಕ್ಷರ ಇರಲಿ. ಹಳೆಯ ಆಹ್ವಾನದ ಚಿತ್ರದ ಮೇಲೇ ಅಡ್ಡಗೆರೆ ಎಳೆದು ‘ಮುಂದೂಡಲಾಗಿದೆ’ ಎಂದು ಬರೆದು ಕಳಿಸುವುದು ಎರಡಕ್ಕೂ ಒಪ್ಪುವುದಿಲ್ಲ.

ಒಂದೇ ಸಂದೇಶ ಎಲ್ಲರಿಗೂ ಅಲ್ಲ

ಮೇಲಿನ ಸಂದೇಶ ತಂದೆಯ ಕಡೆಯ ಗುಂಪಿಗೆ. ಹೆಂಡತಿಯ ತವರಿನವರಿಗೆ ಸೂತಕವಿಲ್ಲ, ತೀರಿಕೊಂಡವರ ಪರಿಚಯವೂ ಕಡಿಮೆ. ಅವರಿಗೆ ಎರಡು ಮೂರು ಸಾಲು ಸಾಕು:

> ನಮ್ಮ ದಾಯಾದಿಗಳಲ್ಲಿ ಹಿರಿಯರೊಬ್ಬರು ಮಂಗಳವಾರ ತೀರಿಕೊಂಡಿದ್ದಾರೆ. ನಮಗೆ ಸೂತಕ ಇರುವುದರಿಂದ ಫೆಬ್ರವರಿ 1ರ ಪೂಜೆ ಅಂದು ಇರುವುದಿಲ್ಲ, ಮುಂದಕ್ಕೆ ಹಾಕಿದ್ದೇವೆ. ನಿಮಗೆ ಸೂತಕವೇನೂ ಇಲ್ಲ. ಹೊಸ ದಿನ ಗೊತ್ತಾದಾಗ ಮತ್ತೆ ಕರೆಯುತ್ತೇವೆ.

‘ನಿಮಗೆ ಸೂತಕವೇನೂ ಇಲ್ಲ’ ಎಂಬ ಒಂದು ವಾಕ್ಯದಿಂದ ಆ ಕಡೆಯ ಹಿರಿಯರು ದೇವರ ಮನೆಯ ದೀಪ ಹಚ್ಚುವುದೋ ಬೇಡವೋ ಎಂದು ಯೋಚಿಸುವುದು ತಪ್ಪುತ್ತದೆ. ಆದರೆ ಇದೇ ಮಾತನ್ನು ತಂದೆಯ ಕಡೆಯ ಗುಂಪಿನಲ್ಲಿ ಬರೆಯಬೇಡಿ. ಅಲ್ಲಿ ಕೆಲವರಿಗೆ ಹತ್ತು ದಿನ, ಕೆಲವರಿಗೆ ಮೂರು, ಮದುವೆಯಾಗಿ ಹೋದ ಅಕ್ಕತಂಗಿಯರಿಗೆ ಬೇರೆ ಲೆಕ್ಕ. ಕೇಳಿದವರಿಗೆ ಒಬ್ಬೊಬ್ಬರಾಗಿ, ಪುರೋಹಿತರನ್ನು ಕೇಳಿ ಹೇಳಬೇಕು.

ಸೂತಕವಿಲ್ಲದೆ ದುಃಖಕ್ಕಾಗಿ ಮುಂದಕ್ಕೆ ಹಾಕಿದಾಗ ಎರಡನೆಯ ವಾಕ್ಯ ಮಾತ್ರ ಬದಲಾಗುತ್ತದೆ: ‘ಅವರು ನಮ್ಮನ್ನು ಎತ್ತಿ ಆಡಿಸಿದವರು. ಇಷ್ಟು ಬೇಗ ಮನೆಯಲ್ಲಿ ಪೂಜೆ ಮಾಡಲು ಮನಸ್ಸು ಬರುತ್ತಿಲ್ಲ.’ ಇದನ್ನು ಓದಿದ ಯಾರೂ ಶಾಸ್ತ್ರದ ಪ್ರಶ್ನೆ ಎತ್ತುವುದಿಲ್ಲ. ಸುಳ್ಳು ಸೂತಕ ಹೇಳುವುದಕ್ಕಿಂತ ಇದು ಎಷ್ಟೋ ಗೌರವದ ಮಾತು.

ಹಾಸನದ ಮನೆಯವರಿಗೆ ಮಾತ್ರ ಈ ಸಂದೇಶ ಕಳಿಸಲೇಬೇಡಿ. ಅವರು ಇರುವ ಗುಂಪೇ ಆದರೆ, ಉಳಿದವರಿಗೆ ಬೇರೆ ಪಟ್ಟಿ ಮಾಡಿ ಕಳಿಸಿ. ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಂದು ಮಿತಿ ಇದೆ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹೊಸ ಫೋನ್ ಕೊಂಡ ಚಿಕ್ಕಮ್ಮನಿಗೆ ತಲುಪಿರುವುದಿಲ್ಲ, ನಿಮಗೆ ಗೊತ್ತಾಗುವುದೂ ಇಲ್ಲ. ಹಾಗಾಗಿ ಕರೆದವರ ಪಟ್ಟಿ ಕಾಗದದಲ್ಲಿ ಇಟ್ಟುಕೊಂಡು, ಉತ್ತರ ಬಂದವರ ಹೆಸರಿನ ಮುಂದೆ ಗುರುತು ಹಾಕಿ. ಗುರುವಾರ ಸಂಜೆಯ ಹೊತ್ತಿಗೆ ಗುರುತಿಲ್ಲದ ಹೆಸರುಗಳಿಗೆಲ್ಲ ಫೋನ್ ಹೋಗಬೇಕು. ನೀಲಿ ಗೆರೆ ಬಂದದ್ದನ್ನು ಉತ್ತರ ಎಂದು ಎಣಿಸಬೇಡಿ. ಅಜ್ಜಿಯ ಫೋನನ್ನು ಮೊಮ್ಮಗ ತೆರೆದು ಇಟ್ಟಿರುತ್ತಾನೆ.

ಗುಂಪಿನಲ್ಲಿ ಕಳಿಸಿದ್ದರೆ ಅದನ್ನು ಏಳು ದಿನಕ್ಕೆ ಪಿನ್ ಮಾಡಿಡಿ. ಹಳೆಯ ಆಹ್ವಾನದ ಚಿತ್ರ ಮೇಲೆಲ್ಲೋ ಉಳಿದೇ ಇರುತ್ತದೆ. ವಿಳಾಸ ಹುಡುಕಲು ಹೋದವರು ಅದನ್ನೇ ನೋಡುತ್ತಾರೆ. ತಾರೀಕು ತಪ್ಪಾಗಿ ಬಿದ್ದಿದ್ದರೆ ಹದಿನೈದು ನಿಮಿಷದೊಳಗೆ ಅದನ್ನೇ ತಿದ್ದಬಹುದು. ಅಷ್ಟು ಹೊತ್ತು ಮೀರಿದರೆ ಅಳಿಸಿ ಹೊಸದಾಗಿ ಕಳಿಸಿ. ಕೆಳಗೆ ‘8 ಅಲ್ಲ 9’ ಎಂದು ತುಂಡು ಸಾಲು ಹಾಕಿದರೆ ಮುಂದಕ್ಕೆ ಹೋಗುವ ಪ್ರತಿಯಲ್ಲಿ ತಪ್ಪೇ ಉಳಿಯುತ್ತದೆ.

ಉತ್ತರಕ್ರಿಯೆಯ ಸ್ಥಳ, ಸಮಯಗಳನ್ನು ನೀವಾಗಿ ಸೇರಿಸಬೇಡಿ. ಕೇಳಿದವರಿಗೆ ‘ಅವರ ಮನೆಯಿಂದಲೇ ತಿಳಿಸುತ್ತಾರೆ’ ಎನ್ನಿ. ‘ದಯವಿಟ್ಟು ಬನ್ನಿ’ ಎಂದು ಕೊನೆಗೊಳಿಸುವ ಅಭ್ಯಾಸದ ಸಾಲೂ ಇಲ್ಲಿ ಬೇಡ. ಸಾವಿನ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೀನಿ’ ಎನ್ನದ ಜನ ನಾವು. ಬರಹದಲ್ಲೂ ಆ ಎಚ್ಚರ ಇರಬೇಕು.

ಹರಕೆಯ ಪೂಜೆಯಾಗಿದ್ದರೆ ಮನೆಯ ಹಿರಿಯರಿಗೆ ಒಂದು ಭಯ ಇರುತ್ತದೆ, ಮಾತು ತಪ್ಪಿತಲ್ಲ ಎಂದು. ಸೂತಕದಲ್ಲಿ ಪೂಜೆ ಮಾಡದಿರುವುದೇ ನಿಯಮ, ಅದರಿಂದ ಹರಕೆಗೆ ಲೋಪ ಬರುವುದಿಲ್ಲ. ಕಟ್ಟಿದ ಮುಡಿಪು ಇದ್ದಲ್ಲೇ ಇರಲಿ, ಶುದ್ಧಿಯಾದ ಮೇಲೆ ತೀರಿಸಬಹುದು. ಈ ಮಾತನ್ನು ಪುರೋಹಿತರ ಬಾಯಿಂದಲೇ ಅವರಿಗೆ ಫೋನಿನಲ್ಲಿ ಹೇಳಿಸಿದರೆ ನೆಮ್ಮದಿಯಾಗುತ್ತದೆ.

ಎರಡನೆಯ ಸಂದೇಶ

ಫೆಬ್ರವರಿ 8 ಕಳೆದು, ಪುರೋಹಿತರು 22ರ ಭಾನುವಾರವನ್ನು ಒಪ್ಪಿದರು ಎಂದುಕೊಳ್ಳಿ. ಸತ್ಯನಾರಾಯಣ ಪೂಜೆಗೆ ಹುಣ್ಣಿಮೆಯೇ ಆಗಬೇಕೆಂದಿಲ್ಲ. ಈಗ ಕಳಿಸುವುದು ಹೊಸ ಆಹ್ವಾನ. ಹಳೆಯ ಸಂದೇಶಕ್ಕೆ ಉತ್ತರವಾಗಿ, ಅದನ್ನು ಎಳೆದು ತಂದು ಅದರ ಕೆಳಗೆ ಬರೆಯಬೇಡಿ. ಸಾವಿನ ಸುದ್ದಿಯ ಕೆಳಗೆ ಶುಭದ ಕರೆ ಇರಬಾರದು. ಪಿನ್ ತೆಗೆದು, ಮೇಲೆ ‘ಶ್ರೀ’ ಬರೆದು, ‘ಈ ಹಿಂದೆ ಮುಂದಕ್ಕೆ ಹಾಕಿದ್ದ ಪೂಜೆ’ ಎಂದು ಒಂದು ಮಾತಿನಲ್ಲಿ ಸೂಚಿಸಿ, ದಿನ, ವಾರ, ಹೊತ್ತು, ಸ್ಥಳ ಪೂರ್ತಿ ಬರೆಯಿರಿ. ಸ್ಥಳ ಅದೇ ಆದರೂ ಬರೆಯಬೇಕು. ಮೊದಲ ಸಲ ಒಪ್ಪಿಕೊಂಡವರು ಈ ಸಲವೂ ಬರುತ್ತಾರೆಂದು ಅಡುಗೆಗೆ ಹೇಳಬೇಡಿ, ಎಣಿಕೆ ಮತ್ತೆ ಮಾಡಿ.

ಹಾಸನದ ಮನೆಯವರಿಗೆ ಆಹ್ವಾನವನ್ನು ಗುಂಪಿಗೆ ಬಿಡುವ ಮೊದಲು ಫೋನ್ ಮಾಡಬೇಕು. ತಂದೆ ತೀರಿಕೊಂಡ ಮನೆಯ ಗಂಡುಮಕ್ಕಳು ವರ್ಷಾಂತಿಕ ಆಗುವವರೆಗೆ ಶುಭಕಾರ್ಯಗಳಿಗೆ ಹೋಗದಿರುವುದು ಎಷ್ಟೋ ಕಡೆ ರೂಢಿ. ಕರೆಯದಿದ್ದರೆ ಬಿಟ್ಟರೆಂದು ನೋವು, ಒತ್ತಾಯ ಮಾಡಿದರೆ ಇಕ್ಕಟ್ಟು. ‘22ಕ್ಕೆ ಪೂಜೆ ಇಟ್ಕೊಂಡಿದ್ದೀವಿ ದೊಡ್ಡಮ್ಮ, ನಿಮಗೆ ಹೇಳದೆ ಬೇರೆಯವರಿಗೆ ಹೇಳಬಾರದು ಅಂತ ಮೊದಲು ಮಾಡಿದೆ. ಬರೋಕೆ ಆಗ್ದಿದ್ರೆ ಏನೂ ಅಂದ್ಕೋಬೇಡಿ, ಪ್ರಸಾದ ನಾನೇ ತಂದ್ಕೊಡ್ತೀನಿ’ ಎಂದು ಹೇಳಿ, ಅವರ ಉತ್ತರ ಕೇಳಿ, ಆಮೇಲೆ ಗುಂಪಿಗೆ ಕಳಿಸಿ.